ಮೂವತ್ತು ಸೆಕೆಂಡಿಗೆ ಇಳಿದ ದಂತ ಚಿಕಿತ್ಸಾಲಯದ ಜಾಹೀರಾತು

ಹುಬ್ಬಳ್ಳಿಯ ದಂತ ಚಿಕಿತ್ಸಾಲಯವೊಂದು ಕಳುಹಿಸಿದ್ದ ರೇಡಿಯೊ ಜಾಹೀರಾತಿನ ಕರಡನ್ನು ಗಟ್ಟಿಯಾಗಿ ಓದಿದಾಗ 47 ಸೆಕೆಂಡು ಹಿಡಿಯಿತು. ವೇಗವಾಗಿ ಓದಿಸಿದರೆ ಒತ್ತಕ್ಷರಗಳು ಮಸುಕಾಗುತ್ತಿದ್ದುದರಿಂದ, ಮಾತನ್ನೇ ಕಡಿಮೆ ಮಾಡಬೇಕಾಯಿತು.

ಹತ್ತು ಅಂಕಿಯ ದೂರವಾಣಿ ಸಂಖ್ಯೆಯನ್ನು ಎರಡು ಸಲ ಹೇಳುವುದಕ್ಕೇ ಸುಮಾರು 12 ಸೆಕೆಂಡು ಹೋಗುತ್ತಿತ್ತು. ಗಾಡಿ ಓಡಿಸುತ್ತಲೋ ರೊಟ್ಟಿ ಬಡಿಯುತ್ತಲೋ ಕೇಳುವವರು ಅದನ್ನು ಬರೆದುಕೊಳ್ಳಲಾರರಾದ್ದರಿಂದ, ಅದನ್ನು ತೆಗೆದು ಬಡಾವಣೆಯ ಹೆಸರನ್ನಷ್ಟೇ ಉಳಿಸಿದೆ. ಹಲ್ಲು ಕೀಳುವುದರಿಂದ ಇಂಪ್ಲಾಂಟ್‌ವರೆಗಿನ ಸೇವೆಗಳ ಪಟ್ಟಿಯ ಬದಲಿಗೆ, ಕೇಳುಗರು ತಮ್ಮದೆಂದು ಗುರುತಿಸಬಲ್ಲ ಒಂದೇ ತೊಂದರೆಯನ್ನು ಇಟ್ಟೆ. ‘ನೋವೇ ಇಲ್ಲ’ ಎಂಬ ಭರವಸೆಯನ್ನು ಯಾವ ವೈದ್ಯರೂ ಕೊಡಲಾಗದು; ಅದೂ ಹೋಯಿತು. ಉಳಿದದ್ದು ಹೀಗಿದೆ:

ಹೆಂಡತಿ: “ಯಾಕ್ರೀ, ಚಹಾ ಹಂಗ ಇಟ್ಟೀರಿ?”

ಗಂಡ: “ಬಿಸಿ ತಾಗಿದ್ರ ಹಲ್ಲು ಜುಮ್ ಅಂತೈತಿ.”

ನಿರೂಪಕಿ: “ಬಿಸಿಗೆ, ತಂಪಿಗೆ ಹಲ್ಲು ಜುಮ್ಮೆನ್ನುತ್ತಿದೆಯೇ? ಹುಳುಕು ಬೇರಿಗಿಳಿಯುವ ಮೊದಲೇ ತೋರಿಸಿ. (ಚಿಕಿತ್ಸಾಲಯದ ಹೆಸರು), ವಿದ್ಯಾನಗರ, ಹುಬ್ಬಳ್ಳಿ. ಭಾನುವಾರ ಬೆಳಿಗ್ಗೆಯೂ ತೆರೆದಿರುತ್ತದೆ. (ಹೆಸರು ಮತ್ತೊಮ್ಮೆ), ವಿದ್ಯಾನಗರ.”

ಗಂಡಹೆಂಡಿರ ಮಾತನ್ನು ಮಾತ್ರ ಇಲ್ಲಿನ ಆಡುನುಡಿಯಲ್ಲಿ ಬಿಟ್ಟಿದ್ದೇನೆ. ನಿರೂಪಕಿಯೂ ಹಾಗೆಯೇ ಮಾತನಾಡಿದರೆ ಜಾಹೀರಾತು ನಗೆಚಾಟಿಕೆಯಂತೆ ಕೇಳುತ್ತದೆ. ಇದು ಸಾವಧಾನದ ಓದಿಗೆ 26 ಸೆಕೆಂಡು ಹಿಡಿಯಿತು. ಉಳಿದದ್ದರಲ್ಲಿ ಆರಂಭದ ಕಪ್ಪುಬಸಿಯ ಸದ್ದಿಗೆ ಎರಡು ಸೆಕೆಂಡು, ಹೆಸರಿಗೆ ಮುಂಚಿನ ಮೌನಕ್ಕೆ ಒಂದು ಸೆಕೆಂಡು ಕೊಟ್ಟೆ.