ಮೇ ತಿಂಗಳ ಫಾರ್ವರ್ಡ್, ಡಿಸೆಂಬರ್ ತಿಂಗಳ ಇನ್ವಾಯ್ಸ್: ಹೆಡ್ಜ್ ಲೆಕ್ಕ ಹೊಂದಿಸಿದ ನನ್ನ ಅನುಭವ

ನಮ್ಮದು ಬೆಂಗಳೂರಿನ ಸಿದ್ಧ ಉಡುಪು ರಫ್ತು ಘಟಕ. ಮಾತೃಸಂಸ್ಥೆ ಷೇರುಪೇಟೆಯಲ್ಲಿ ನೋಂದಣಿಯಾಗಿರುವುದರಿಂದ ಇಂಡ್ ಎಎಸ್ ಎಂಬ ಲೆಕ್ಕಪತ್ರ ಮಾನದಂಡಗಳು ನಮಗೆ ಕಡ್ಡಾಯ. ಮುಂದೆ ಬರುವ ಡಾಲರನ್ನು ಇಂದೇ ನಿಗದಿಯಾದ ದರಕ್ಕೆ ಬ್ಯಾಂಕಿಗೆ ಮಾರುವ ಒಪ್ಪಂದವೇ ಫಾರ್ವರ್ಡ್. ಅದರ ಲಾಭ-ನಷ್ಟವನ್ನು ಅದು ರಕ್ಷಿಸುವ ಮಾರಾಟದ ಜೊತೆಗೇ ದಾಖಲಿಸುವ ಹೆಡ್ಜ್ ಲೆಕ್ಕವನ್ನು ಅನ್ವಯಿಸೋಣ ಎಂದು ನಾನು ಮೊದಲು ಹೇಳಿದಾಗ ಒಪ್ಪಿದವರು ಯಾರೂ ಇರಲಿಲ್ಲ. "ಅದೆಲ್ಲ ದೊಡ್ಡ ಐಟಿ ಕಂಪನಿಗಳ ಕೆಲಸ ಸಾರ್, ಬಟ್ಟೆ ವ್ಯಾಪಾರದಲ್ಲಿ ಸಾಗಣೆಯ ದಿನಾಂಕವೇ ನಿಲ್ಲುವುದಿಲ್ಲ" ಎಂದರು ಲೆಕ್ಕಪರಿಶೋಧಕರ ತಂಡದವರು. ಈಗ ಅದೇ ತಂಡ ನಮ್ಮ ಕಡತವನ್ನು ಮಾದರಿಯಾಗಿ ಕೇಳಿ ಪಡೆಯುತ್ತದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹೆಡ್ಜ್ ಲೆಕ್ಕ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2018ರಲ್ಲಿ ನೋಡಿದ್ದೆವು. ಆ ವರ್ಷದ ಏಪ್ರಿಲ್‌ನಲ್ಲಿ 65ರ ಆಸುಪಾಸಿನಲ್ಲಿದ್ದ ಡಾಲರ್ ಸೆಪ್ಟೆಂಬರ್ ಕೊನೆಗೆ 72 ದಾಟಿತ್ತು. ವರ್ಷದ ಆರಂಭದಲ್ಲಿ ಮಾಡಿದ್ದ ಫಾರ್ವರ್ಡ್‌ಗಳೆಲ್ಲ ಕಾಗದದ ಮೇಲೆ ನಷ್ಟ ತೋರಿಸಿದವು. ಆ ನಷ್ಟ ಅಷ್ಟೂ ಸೆಪ್ಟೆಂಬರ್ ತ್ರೈಮಾಸಿಕದ ಲಾಭ-ನಷ್ಟ ಖಾತೆಗೆ ಬಿತ್ತು. ಅವು ರಕ್ಷಿಸುತ್ತಿದ್ದ ಮಾರಾಟ ಮಾತ್ರ ಮುಂದಿನ ತ್ರೈಮಾಸಿಕದಲ್ಲಿ, ಏರಿದ ದರದಲ್ಲಿ ದಾಖಲಾಯಿತು. ಒಂದು ತ್ರೈಮಾಸಿಕ ಕಾರಣವಿಲ್ಲದೆ ಮುಳುಗಿತು, ಇನ್ನೊಂದು ಕಾರಣವಿಲ್ಲದೆ ಉಬ್ಬಿತು. ಸಾಲ ಕೊಟ್ಟ ಬ್ಯಾಂಕ್ ಮುಳುಗಿದ ತ್ರೈಮಾಸಿಕವನ್ನೇ ಹಿಡಿದು ಪ್ರಶ್ನೆ ಕೇಳಿತು.

ಮರುವರ್ಷ ಒಬ್ಬ ಸಲಹೆಗಾರರನ್ನು ಕರೆಸಿದೆವು. ಶುಲ್ಕ ನೆನಪಿರುವ ಮಟ್ಟಿಗೆ ನಾಲ್ಕು ಲಕ್ಷ. ಅವರು ಕೊಟ್ಟ ದಾರಿ ಎಂದರೆ ಪ್ರತಿ ಫಾರ್ವರ್ಡ್‌ಗೂ ಒಂದೊಂದು ಖರೀದಿ ಆದೇಶವನ್ನು ಸಂಖ್ಯೆಸಮೇತ ಜೋಡಿಸುವುದು. ನೋಡಲು ಅಚ್ಚುಕಟ್ಟು, ನಮ್ಮ ವ್ಯಾಪಾರದಲ್ಲಿ ನಿಲ್ಲದು. ಒಂದೇ ಆದೇಶ ಮೂರು ಇನ್ವಾಯ್ಸ್‌ಗಳಾಗಿ ಒಡೆಯುತ್ತದೆ. ಗುಣಮಟ್ಟದ ತಪಾಸಣೆಯಲ್ಲಿ ನೂರಕ್ಕೆ ಮೂರು-ನಾಲ್ಕು ತುಣುಕು ಕಡಿಮೆಯಾಗಿ ಹೋಗುತ್ತವೆ. ಖರೀದಿದಾರರು ನವೆಂಬರ್‌ನ ಸರಕನ್ನು ಜನವರಿಗೆ ತಳ್ಳಿ, ಜನವರಿಯದನ್ನು ಮೊದಲು ಕಳುಹಿಸಿ ಎನ್ನುತ್ತಾರೆ. ಆದೇಶಸಂಖ್ಯೆಗೆ ಕಟ್ಟಿದ ಗಂಟು ಪ್ರತಿ ಬಾರಿಯೂ ಬಿಚ್ಚಿಕೊಂಡಿತು. ಆ ಅರ್ಧವರ್ಷದ ಹೊಂದಾಣಿಕೆಯನ್ನು ಪರಿಶೋಧಕರು ಪೂರ್ತಿ ತಿರಸ್ಕರಿಸಿದರು.

2022ರ ಏಪ್ರಿಲ್‌ನಲ್ಲಿ ನಾನು ಹಿಡಿದ ದಾರಿ ಬೇರೆ. ಆದೇಶವನ್ನು ಬಿಟ್ಟು ತಿಂಗಳನ್ನು ಹಿಡಿದೆ. ಫಾರ್ವರ್ಡ್ ರಕ್ಷಿಸುವುದು ಇಂಥ ಇನ್ವಾಯ್ಸನ್ನಲ್ಲ. ಇಂಥ ತಿಂಗಳಲ್ಲಿ ಡಾಲರ್‌ನಲ್ಲಿ ಆಗುವ ಮಾರಾಟದ ಮೊದಲ ಇಷ್ಟು ಡಾಲರನ್ನು. "ಮೊದಲ" ಎಂಬ ಪದವೇ ಇಲ್ಲಿ ಜೀವಾಳ. ಡಿಸೆಂಬರ್‌ನಲ್ಲಿ ಯಾವ ಖರೀದಿದಾರರ ಸರಕು ಮೊದಲು ಹೋದರೂ ಸರಿ, ಇನ್ವಾಯ್ಸ್‌ಗಳ ಮೊತ್ತ ಆ ಗೆರೆ ಮುಟ್ಟುವವರೆಗೆ ಅವೆಲ್ಲ ಆ ಫಾರ್ವರ್ಡ್‌ನ ರಕ್ಷಣೆಯಲ್ಲಿ ಇರುತ್ತವೆ.

ಆ ಡಿಸೆಂಬರ್‌ಗೆ ನಾವು ಅಂದಾಜಿಸಿದ್ದ ಮಾರಾಟ ಸುಮಾರು 12 ಲಕ್ಷ ಡಾಲರ್. ಮೇ ತಿಂಗಳ ಫಾರ್ವರ್ಡ್‌ಗೆ ಮೊದಲ 5 ಲಕ್ಷ, ಆಗಸ್ಟ್‌ನಲ್ಲಿ ಮಾಡಿದ್ದಕ್ಕೆ ಅದರ ನಂತರದ 3 ಲಕ್ಷ. ಮೇಲಿನ 4 ಲಕ್ಷಕ್ಕೆ ಏನನ್ನೂ ಜೋಡಿಸಲಿಲ್ಲ. ಒಬ್ಬ ಖರೀದಿದಾರರು ಸರಕನ್ನು ಮುಂದೂಡಿದ್ದರಿಂದ ಡಿಸೆಂಬರ್ ಮಾರಾಟ 9 ಲಕ್ಷಕ್ಕೆ ಇಳಿಯಿತು. ಆದರೂ 5 ಲಕ್ಷ, 3 ಲಕ್ಷದ ಈ ಎರಡು ಪದರಗಳೂ ತುಂಬಿದವು. ಯಾವ ಖರೀದಿದಾರರ ಅಂದಾಜನ್ನು ಎಷ್ಟು ಕತ್ತರಿಸಿ ಈ 12 ಲಕ್ಷಕ್ಕೆ ಬಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ವರ್ಷಗಳ ಕಸುಬಿನಿಂದ ಬಂದದ್ದು.

ಯಾವ ಫಾರ್ವರ್ಡ್ ಯಾವ ಮಾರಾಟಕ್ಕೆ ಎಂದು ಬರೆದಿಡುವ ಟಿಪ್ಪಣಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಬಹಳ ಜನರ ಹೊಂದಾಣಿಕೆ ಮುರಿಯುವುದು ಇಲ್ಲೇ. ಬ್ಯಾಂಕಿನ ಡೀಲರ್ ದರ ಖಚಿತಪಡಿಸಿದ ದಿನವೇ ನಮ್ಮ ಟಿಪ್ಪಣಿಗೆ ಸಹಿ ಬೀಳಬೇಕು. ಅದರಲ್ಲಿ ಡೀಲ್ ಸಂಖ್ಯೆ, ಮೊತ್ತ, ದರ, ಕೊನೆಯ ದಿನಾಂಕ ಒಂದು ಕಡೆ. ಯಾವ ತಿಂಗಳ ಮಾರಾಟ, ಎಷ್ಟನೆಯ ಡಾಲರ್‌ನಿಂದ ಎಷ್ಟನೆಯ ಡಾಲರ್‌ವರೆಗೆ, ಹಣ ಯಾವಾಗ ಬರುತ್ತದೆ ಎಂಬುದು ಇನ್ನೊಂದು ಕಡೆ. ಮಾರಾಟ ಬಹುಮಟ್ಟಿಗೆ ಖಚಿತ ಎನ್ನಲು ಹಿಂದಿನ ಮೂರು ವರ್ಷಗಳ ಅದೇ ತಿಂಗಳ ಅಂಕಿ ಮತ್ತು ಕೈಯಲ್ಲಿರುವ ಆದೇಶಗಳ ಪಟ್ಟಿ ಲಗತ್ತಿಸುತ್ತೇನೆ. ಹತ್ತು ದಿನ ತಡವಾದರೆ ಅಷ್ಟರಲ್ಲಿ ಫಾರ್ವರ್ಡ್‌ಗೆ ಒಂದು ಲಾಭವೋ ನಷ್ಟವೋ ಅಂಟಿಕೊಂಡಿರುತ್ತದೆ. ಆ ಭಾಗ ಲಾಭ-ನಷ್ಟ ಖಾತೆಗೆ ಹೋಗಿರುತ್ತದೆ, ಹಿಂದಿನ ದಿನಾಂಕದಿಂದ ಜೋಡಿಸಲು ಇಂಡ್ ಎಎಸ್ 109 ಬಿಡುವುದಿಲ್ಲ. ಮುಂದಿನ ಅಳತೆಯಲ್ಲೂ ಆ ವ್ಯತ್ಯಾಸ ಕಾಡುತ್ತಲೇ ಇರುತ್ತದೆ. ಹೆಡ್ಜ್ ಶೇ 80ರಿಂದ 125ರೊಳಗೆ ಪರಿಣಾಮಕಾರಿ ಎಂದು ತೋರಿಸಬೇಕಿದ್ದ ಹಳೆಯ ಪರೀಕ್ಷೆ ಈಗಿಲ್ಲ, ನಿಜ. ಆದರೆ ಮೊದಲ ದಿನದ ಕಾಗದಕ್ಕೆ ರಿಯಾಯಿತಿ ಇಲ್ಲ.

ಈಗ ಆ 5 ಲಕ್ಷ ಡಾಲರ್‌ಗಳ ಕಥೆ. ದರಗಳು ನೆನಪಿನವು, ದುಂಡಗೆ ಮಾಡಿದ್ದೇನೆ. ಇಂದಿನ ಮೌಲ್ಯಕ್ಕೆ ಇಳಿಸುವುದನ್ನೂ ತೆರಿಗೆಯನ್ನೂ ಬಿಟ್ಟಿದ್ದೇನೆ. ಮೇ ಮಧ್ಯದಲ್ಲಿ ಸ್ಪಾಟ್, ಅಂದರೆ ಅಂದಿನ ಮಾರುಕಟ್ಟೆ ದರ 77.50. ಡಿಸೆಂಬರ್ ಇನ್ವಾಯ್ಸ್‌ನ ಹಣ ಬರುವ ಫೆಬ್ರವರಿ ಕೊನೆಗೆ ಅಂದು ಬುಕ್ ಮಾಡಿದ ಫಾರ್ವರ್ಡ್ ದರ 79.40. ಅಂದರೆ ನಮಗೆ ಸಿಗಬೇಕಾದದ್ದು 397 ಲಕ್ಷ ರೂಪಾಯಿ. ಈ 397ನ್ನು ನೆನಪಿಡಿ.

ಸೆಪ್ಟೆಂಬರ್ 30ಕ್ಕೆ ಸ್ಪಾಟ್ 81.50ಕ್ಕೆ ಏರಿತ್ತು, ಅದೇ ಫೆಬ್ರವರಿಯ ಫಾರ್ವರ್ಡ್ ದರ 82.40. ಡಾಲರಿಗೆ 3 ರೂಪಾಯಿಯಂತೆ 15 ಲಕ್ಷ ನಷ್ಟ. ಮಾರಾಟ ಇನ್ನೂ ಆಗಿಲ್ಲ, ಆದ್ದರಿಂದ ಇದು ಲಾಭ-ನಷ್ಟ ಖಾತೆಯನ್ನು ಮುಟ್ಟದೆ ಇತರ ಸಮಗ್ರ ಆದಾಯದ ಮೂಲಕ ಹೆಡ್ಜ್ ರಿಸರ್ವ್‌ಗೆ ಹೋಯಿತು. ಆಗ ನಮ್ಮ ಎಲ್ಲ ಫಾರ್ವರ್ಡ್‌ಗಳ ನಷ್ಟ ಸೇರಿ ಒಂದೂಮುಕ್ಕಾಲು ಕೋಟಿಯ ಹತ್ತಿರ. ಆ ತ್ರೈಮಾಸಿಕದ ಲಾಭವೇ ಎರಡು ಕೋಟಿಯ ಆಸುಪಾಸು. 2018ರ ಪದ್ಧತಿಯೇ ಮುಂದುವರಿದಿದ್ದರೆ ಲಾಭದಲ್ಲಿ ಉಳಿಯುತ್ತಿದ್ದುದು ಚೂರುಪಾರು. ಮಂಡಳಿಯ ಸಭೆಯಲ್ಲಿ ನನ್ನನ್ನು ಸಂದೇಹಿಸಿದ್ದವರು ಮೌನವಾದದ್ದು ಅಂದೇ.

ಡಿಸೆಂಬರ್‌ನಲ್ಲಿ ಇನ್ವಾಯ್ಸ್ ಆದಾಗ ಸ್ಪಾಟ್ 82.50. ಮಾರಾಟ 412.5 ಲಕ್ಷ ಎಂದು ದಾಖಲಾಯಿತು. ಅಂದಿನ ಫಾರ್ವರ್ಡ್ ದರ 82.90, ಒಟ್ಟು ನಷ್ಟ 17.5 ಲಕ್ಷಕ್ಕೆ ಬೆಳೆದಿತ್ತು. ಅಷ್ಟನ್ನೂ ರಿಸರ್ವ್‌ನಿಂದ ತೆಗೆದು ಮಾರಾಟದ ಸಾಲಿಗೇ ತಂದೆವು. ಮಾರಾಟ 395 ಲಕ್ಷಕ್ಕೆ ನಿಂತಿತು. ಏರಿದ ದರದ ಸುಖವೂ ಫಾರ್ವರ್ಡ್‌ನ ನಷ್ಟವೂ ಒಂದೇ ದಿನ ಒಂದೇ ಸಾಲಿನಲ್ಲಿ ಸೇರಿದವು. ಹೊಂದಾಣಿಕೆ ಎಂದರೆ ಇಷ್ಟೇ.

ಇನ್ವಾಯ್ಸ್ ಆದ ಮೇಲೆ ನಮ್ಮ ಟಿಪ್ಪಣಿಯ ಪ್ರಕಾರ ಈ ಜೋಡಣೆ ಮುಗಿಯುತ್ತದೆ. ಇದನ್ನು ಮೊದಲ ದಿನವೇ ಬರೆದಿರಬೇಕು, ನಡುವೆ ಮನಸ್ಸು ಬಂದಾಗ ಬಿಡುವ ಸ್ವಾತಂತ್ರ್ಯ ಮಾನದಂಡದಲ್ಲಿಲ್ಲ. ಅಲ್ಲಿಂದ ಮುಂದೆ ಬರಬೇಕಾದ ಬಾಕಿ ಇಂಡ್ ಎಎಸ್ 21ರಂತೆ ತಿಂಗಳ ಕೊನೆಯ ದರಕ್ಕೆ ಬದಲಾಗುತ್ತದೆ, ಫಾರ್ವರ್ಡ್ ತನ್ನ ಪಾಡಿಗೆ ಬದಲಾಗುತ್ತದೆ, ಎರಡೂ ಲಾಭ-ನಷ್ಟ ಖಾತೆಯಲ್ಲೇ ಎದುರುಬದುರಾಗುತ್ತವೆ. ಫೆಬ್ರವರಿ ಕೊನೆಗೆ ಸ್ಪಾಟ್ 82.70. ಬಾಕಿಯ ಮೇಲೆ 1 ಲಕ್ಷ ಲಾಭ. ಫಾರ್ವರ್ಡ್‌ನ ಅಂತಿಮ ನಷ್ಟ 16.5 ಲಕ್ಷ, ಅಂದರೆ ಅಲ್ಲೂ 1 ಲಕ್ಷ ವಾಪಸು. 395ಕ್ಕೆ ಈ ಎರಡನ್ನು ಕೂಡಿಸಿ: 397. ಪ್ರತಿ ಫಾರ್ವರ್ಡ್ ಮುಗಿದಾಗಲೂ ನಾನು ಮಾಡುವ ತಪಾಸಣೆ ಇದೊಂದೇ. ಕೊನೆಯ ಮೊತ್ತ ಬುಕ್ ಮಾಡಿದ ದರಕ್ಕೆ ತಾಳೆಯಾಗದಿದ್ದರೆ ಎಲ್ಲೋ ಒಂದು ನಮೂದು ತಪ್ಪಿದೆ ಎಂದೇ ಅರ್ಥ. ಸಾಮಾನ್ಯವಾಗಿ ತಪ್ಪಿರುವುದು ರಿಸರ್ವ್‌ನಿಂದ ತೆಗೆಯುವ ನಮೂದು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಸ್ಪಾಟ್ ಭಾಗವನ್ನು ಮಾತ್ರ ಹೆಡ್ಜ್ ಎಂದು ಗುರುತಿಸಿ, ಸ್ಪಾಟ್‌ಗಿಂತ ಫಾರ್ವರ್ಡ್ ದರ ಹೆಚ್ಚಿದ್ದ 1.90 ರೂಪಾಯಿಯ ಪ್ರೀಮಿಯಂ ಅನ್ನು ಬೇರೆಯಾಗಿ ಹಿಡಿದೆ. ಮಾನದಂಡ ಅದಕ್ಕೆ ಅವಕಾಶ ಕೊಡುತ್ತದೆ, ಕೊನೆಯ ಮೊತ್ತವೂ ಅದೇ 397. ಆದರೆ ಪ್ರೀಮಿಯಂಗೆ ಇನ್ನೊಂದು ರಿಸರ್ವ್, ಇನ್ನೊಂದು ಪಟ್ಟಿ. ಇಬ್ಬರೇ ಇರುವ ನಮ್ಮ ವಿಭಾಗಕ್ಕೆ ಅದು ದಂಡದ ಕೆಲಸ ಅನ್ನಿಸಿ ಕೈಬಿಟ್ಟೆ. ದೊಡ್ಡ ಖಜಾನೆ ವಿಭಾಗ ಇರುವವರು ಮಾಡಲಿ.

ಅದಕ್ಕಿಂತ ಮುಖ್ಯವಾದದ್ದು ಸಾಗಣೆಗೆ ಮೊದಲು ಡಾಲರ್‌ನಲ್ಲಿ ಪಡೆದ ಪ್ಯಾಕಿಂಗ್ ಕ್ರೆಡಿಟ್ ಎಂಬ ಸಾಲ. ನಮ್ಮ ಊರಿನ ಘಟಕಗಳಲ್ಲಿ ಹೊಂದಾಣಿಕೆ ಸದ್ದಿಲ್ಲದೆ ಕೆಡುವುದು ಇಲ್ಲಿ. 5 ಲಕ್ಷ ಡಾಲರ್‌ನ ಬಿಲ್ಲಿನಿಂದ 3 ಲಕ್ಷ ಡಾಲರ್ ಸಾಲ ತೀರುತ್ತದೆ ಎಂದರೆ, ರೂಪಾಯಿಗೆ ತಿರುಗಬೇಕಾದದ್ದು ಉಳಿದ 2 ಲಕ್ಷ ಮಾತ್ರ. ಸಾಲ ತೆಗೆದ ದಿನವೇ ಆ 3 ಲಕ್ಷ ರೂಪಾಯಿಯಾಗಿ ಹೋಗಿದೆ. ಅದರ ಮೇಲೂ ಪೂರ್ತಿ 5 ಲಕ್ಷಕ್ಕೆ ಫಾರ್ವರ್ಡ್ ಮಾಡಿದರೆ 3 ಲಕ್ಷಕ್ಕೆ ಕೊಡಲು ಡಾಲರೇ ಇರುವುದಿಲ್ಲ. ಗೊತ್ತಾಗುವುದು ಯಾವಾಗ ಎಂದರೆ, ಬ್ಯಾಂಕ್ ಫಾರ್ವರ್ಡನ್ನು ರದ್ದು ಮಾಡಿ ದರದ ವ್ಯತ್ಯಾಸವನ್ನು ಖಾತೆಯಿಂದ ಕಡಿತ ಮಾಡಿದಾಗ. ನಾನು ಸಾಲದ ಪಟ್ಟಿಯನ್ನೂ ಫಾರ್ವರ್ಡ್ ಪಟ್ಟಿಯನ್ನೂ ಒಂದೇ ಹಾಳೆಯಲ್ಲಿ ತಿಂಗಳುವಾರು ಇಡುತ್ತೇನೆ. ಮೇಲೆ ಹೇಳಿದ 12 ಲಕ್ಷವೂ ಸಾಲ ಕಳೆದ ನಂತರದ ಅಂಕಿಯೇ.

ಸರಕು ಮುಂದೂಡಿದರೆ ಏನು, ಆದೇಶವೇ ಹೋದರೆ ಏನು ಎಂದು ಕೇಳುವವರು ಬಹಳ. ಪದರ ತುಂಬದೆ ಉಳಿದರೂ ಆ ಮಾರಾಟ ಆಗಿಯೇ ಆಗುತ್ತದೆ ಎಂಬ ನಿರೀಕ್ಷೆ ಇದ್ದರೆ ರಿಸರ್ವ್‌ನಲ್ಲಿರುವುದು ಅಲ್ಲೇ ಇರುತ್ತದೆ. ಮಾರಾಟ ಆಗುವುದೇ ಇಲ್ಲ ಎಂದಾದ ದಿನ ಅಷ್ಟೂ ಲಾಭ-ನಷ್ಟ ಖಾತೆಗೆ ಬರಬೇಕು, ವರ್ಷಾಂತ್ಯದವರೆಗೆ ಕಾಯುವಂತಿಲ್ಲ. ಹೀಗೆ ಪದೇ ಪದೇ ಆದರೆ ನಿಮ್ಮ "ಬಹುಮಟ್ಟಿಗೆ ಖಚಿತ" ಎಂಬ ಮಾತನ್ನೇ ಪರಿಶೋಧಕರು ನಂಬುವುದಿಲ್ಲ. ಮೇಲಿನ ಮೂರನೇ ಒಂದು ಭಾಗವನ್ನು ನಾನು ಯಾವತ್ತೂ ಖಾಲಿ ಬಿಡುವುದು ಇದಕ್ಕೆ.

ಇಂಡ್ ಎಎಸ್ ಅನ್ವಯಿಸದ ಸಣ್ಣ ಘಟಕದವರಿಗೆ ಒಂದು ಮಾತು: ಈಗಾಗಲೇ ಇನ್ವಾಯ್ಸ್ ಆದ ಬಾಕಿಗೆ ಮಾಡಿದ ಫಾರ್ವರ್ಡ್‌ಗೆ ವಿದೇಶಿ ವಿನಿಮಯದ ಮಾನದಂಡ ಎಎಸ್ 11 ಸಾಕು, ಪ್ರೀಮಿಯಂ ಅನ್ನು ಅವಧಿಗೆ ಹಂಚಿದರಾಯಿತು. ಮುಂದಿನ ಮಾರಾಟಕ್ಕೆ ಮಾಡಿದ್ದಾದರೆ ಲೆಕ್ಕಪರಿಶೋಧಕರ ಸಂಸ್ಥೆ ಐಸಿಎಐ 2015ರಲ್ಲಿ ಹೊರಡಿಸಿದ ಡೆರಿವೇಟಿವ್ ಮಾರ್ಗದರ್ಶಿ ಟಿಪ್ಪಣಿ ಇದೆ, ತಿಂಗಳ ಪದರದ ದಾರಿ ಅಲ್ಲೂ ನಡೆಯುತ್ತದೆ.

ಉಳಿದಿರುವ ತಲೆನೋವು ತಡವಾಗಿ ಹಣ ಕೊಡುವ ಖರೀದಿದಾರರು. ಫಾರ್ವರ್ಡ್ ಫೆಬ್ರವರಿ 28ಕ್ಕೆ, ಹಣ ಮಾರ್ಚ್ 20ಕ್ಕೆ ಎಂದಾದರೆ ಬೇರೆ ಬಿಲ್ಲಿನ ಡಾಲರ್ ಕೊಟ್ಟು ಮುಗಿಸುತ್ತೇನೆ, ಇಲ್ಲವಾದರೆ ಫಾರ್ವರ್ಡ್‌ನ ದಿನಾಂಕವನ್ನು ಮುಂದಕ್ಕೆ ಹಾಕುವ ರೋಲ್‌ಓವರ್. ಇದರಿಂದ ಮಾರಾಟದ ಸಾಲಿಗೆ ಏನೂ ಆಗುವುದಿಲ್ಲ, ಏಕೆಂದರೆ ಜೋಡಣೆ ಇನ್ವಾಯ್ಸ್ ದಿನವೇ ಮುಗಿದಿದೆ. ಈಚೆಗೆ ಒಂದೇ ದಿನಾಂಕದ ಬದಲು ಇಡೀ ತಿಂಗಳೊಳಗೆ ಯಾವತ್ತಾದರೂ ಡಾಲರ್ ಕೊಡಬಹುದಾದ ಫಾರ್ವರ್ಡ್ ತೆಗೆದುಕೊಳ್ಳುತ್ತಿದ್ದೇನೆ. ದರದಲ್ಲಿ ಡಾಲರಿಗೆ ಹತ್ತಿಪ್ಪತ್ತು ಪೈಸೆ ಕಡಿಮೆ ಸಿಗುತ್ತದೆ, ಆದರೆ ಬೇಗ ಬಂದ ಹಣಕ್ಕೆ ಬ್ಯಾಂಕ್ ಹಾಕುತ್ತಿದ್ದ ಶುಲ್ಕ ಹೆಚ್ಚುಕಡಿಮೆ ನಿಂತಿದೆ. ಯಾವುದು ಲಾಭ ಎಂಬುದನ್ನು ಈ ಮಾರ್ಚ್‌ನ ಲೆಕ್ಕ ಮುಗಿದ ಮೇಲೆ ಕೂಡಿ ನೋಡುತ್ತೇನೆ.