ಖಣದ ಕುಪ್ಪಸದ ತೋಳು ಗಿಡ್ಡ ಮಾಡಿ ರಟ್ಟೆ ಕಟ್ಟಿದ ಬಗೆ

ಫೋಟೋದಲ್ಲಿ ಕುಪ್ಪಸದ ತೋಳು ಗಿಡ್ಡ ಮಾಡುವುದು ಬಟ್ಟೆಯ ಕೆಲಸ ಅಂತ ಬಹಳ ಜನ ತಿಳಿದಿರುತ್ತಾರೆ. ಬಟ್ಟೆ ಅಳಿಸೋದಕ್ಕೆ ಏನೂ ಹೊತ್ತು ಬೇಕಿಲ್ಲ. ಆದರೆ ಬಟ್ಟೆಯ ಅಡಿಯಲ್ಲಿದ್ದ ರಟ್ಟೆಯನ್ನು ಕ್ಯಾಮೆರಾ ನೋಡಿಯೇ ಇಲ್ಲ. ಅದನ್ನು ಮೊದಲಿನಿಂದ ಕಟ್ಟಬೇಕು. ನಾನು ಹುಬ್ಬಳ್ಳಿಯಲ್ಲಿ ಸ್ಟುಡಿಯೋಗಳಿಗೆ, ಬಟ್ಟೆ ಅಂಗಡಿಗಳಿಗೆ ಫೋಟೋ ತಿದ್ದಿ ಕೊಡುತ್ತೇನೆ. ಧಾರವಾಡದ ಒಂದು ಹೊಲಿಗೆ ಅಂಗಡಿಗೆ ಮಾಡಿದ ಒಂದು ಫೋಟೋದ ಕೆಲಸವನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ಕೆಂಪು ಗುಳೇದಗುಡ್ಡ ಖಣದ ಕುಪ್ಪಸ, ಮೇಲೆ ಇಳಕಲ್ ಸೀರೆ. ಕುಪ್ಪಸದ ತೋಳು ಮೊಣಕೈವರೆಗೆ, ಹತ್ತು ಇಂಚು. ಅದೇ ಖಣದಲ್ಲಿ ಐದು ಇಂಚಿನ ಗಿಡ್ಡ ತೋಳನ್ನೂ ಅವರು ಹೊಲಿದು ಕೊಡುತ್ತಾರೆ. ಆದರೆ ಅಂಗಡಿಯ ಕ್ಯಾಟಲಾಗ್‌ಗೆ ಫೋಟೋ ತೆಗೆದದ್ದು ಉದ್ದ ತೋಳಿನ ಕುಪ್ಪಸದ್ದು ಮಾತ್ರ. "ಇದನ್ನ ಗಿಡ್ಡ ತೋಳು ಮಾಡಿ ಇನ್ನೊಂದು ಪುಟಕ್ಕ ಹಾಕ್ಕೊಡ್ರಿ" ಅಂದರು ಅಂಗಡಿಯವರು. ಫೋಟೋದಲ್ಲಿ ನಿಂತಿದ್ದು ಅವರ ಸೊಸೆ. ಅವರು ಅಷ್ಟರಲ್ಲಿ ಹಾವೇರಿಗೆ, ತವರಿಗೆ ಹೋಗಿದ್ದರು.

ನಾನು ಮೊದಲು ಅವರಿಗೇ ಫೋನ್ ಮಾಡಿಸಿದೆ. ಒಬ್ಬ ಹೆಣ್ಣುಮಗಳ ಫೋಟೋದಲ್ಲಿ ಬಟ್ಟೆ ಕಡಿಮೆ ಮಾಡುವ ಕೆಲಸವನ್ನು ಅವರ ಬಾಯಿಂದ ಹೂಂ ಅನ್ನಿಸಿಕೊಳ್ಳದೆ ನಾನು ಮುಟ್ಟುವುದಿಲ್ಲ. ಅತ್ತೆ ಒಪ್ಪಿದರೂ ಅಷ್ಟೇ, ಗಂಡ ಒಪ್ಪಿದರೂ ಅಷ್ಟೇ. ಅವರು ಒಪ್ಪಿದರು. ಗಿಡ್ಡ ತೋಳಿನ ಕುಪ್ಪಸ ಹಾಕಿಕೊಂಡು, ಕಿಟಕಿಗೆ ಎಡಗೈ ಕೊಟ್ಟು ನಿಂತು, ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆಸಿ ಕಳಿಸಿದರು. ಈ ಫೋಟೋದ ಚರ್ಮ ನನಗೆ ಕೆಲಸಕ್ಕೆ ಬರುವುದಿಲ್ಲ. ಮೊಬೈಲ್ ಚರ್ಮವನ್ನು ಒರೆಸಿ ನುಣುಪು ಮಾಡಿಬಿಟ್ಟಿರುತ್ತದೆ. ಆದರೆ ರಟ್ಟೆಯ ಆಕಾರಕ್ಕೆ ಅದು ಸಾಕ್ಷಿ. ಭುಜದ ಕೆಳಗೆ ಎಷ್ಟು ತುಂಬಿದೆ, ಎಲ್ಲಿ ಸಣ್ಣ ಆಗುತ್ತದೆ ಅಂತ ನಾನು ಊಹೆ ಮಾಡಬೇಕಾಗಿಲ್ಲ. ಇಂಥ ಕೆಲಸದಲ್ಲಿ ನಮಗೆ ಗೊತ್ತಿಲ್ಲದೆ ಎಲ್ಲರ ರಟ್ಟೆಯನ್ನೂ ತೆಳ್ಳಗೆ ಬರೆದುಬಿಡುತ್ತೇವೆ. ಆಗ ಅದು ಆ ಹೆಣ್ಣುಮಗಳ ರಟ್ಟೆ ಆಗಿ ಉಳಿಯುವುದಿಲ್ಲ.

ಆ ಫೋಟೋದಲ್ಲಿ ಇನ್ನೊಂದು ಕಂಡಿತು. ಎಡರಟ್ಟೆಯ ಮೇಲೆ ಬಿಸಿಜಿ ಚುಚ್ಚುಮದ್ದಿನ ಕಲೆ, ಹೊಸ ತೋಳಿನ ಅಂಚಿನ ಸ್ವಲ್ಪ ಕೆಳಗೇ ಬರುವಂತಿತ್ತು. ಹಾಕಲೋ ಬಿಡಲೋ ಅಂತ ಕೇಳಿದೆ. "ಇರ್ಲಿ ಬಿಡ್ರಿ, ನನ್ನ ರಟ್ಟ್ಯಾಗ ಐತಲ್ಲ" ಅಂದರು.

ಈಗ ಅಳತೆ. ಭುಜದ ಹೊಲಿಗೆಯಿಂದ ಹಳೆ ಅಂಚಿನವರೆಗೆ ಫೋಟೋದಲ್ಲಿ ಅಳೆದರೆ ಸುಮಾರು 1500 ಪಿಕ್ಸೆಲ್. ಕೈ ಹೆಚ್ಚುಕಡಿಮೆ ನೇರವಾಗಿ ಇಳಿಬಿದ್ದಿತ್ತು. ಹಾಗಾಗಿ ಅರ್ಧಕ್ಕೆ, 750ಕ್ಕೆ, ಗುರುತು ಹಾಕಿದೆ. ಕೈ ಕ್ಯಾಮೆರಾದ ಕಡೆ ಚಾಚಿದ್ದರೆ ಈ ಅರ್ಧದ ಲೆಕ್ಕ ನಡೆಯುವುದಿಲ್ಲ. ಮುಂದೆ ಬಂದ ಅರ್ಧ ಫೋಟೋದಲ್ಲಿ ಹಿಂದಿನ ಅರ್ಧಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಮೂಲ ಫೋಟೋ ಹಾಗೇ ಇರಲಿ ಅಂತ ಫೋಟೋಶಾಪ್‌ನಲ್ಲಿ `Ctrl+J` ಒತ್ತಿ ಅದರ ನಕಲು ಮಾಡಿಕೊಂಡು ಶುರು ಮಾಡಿದೆ. ಪೆನ್ ಟೂಲಿನಿಂದ ರಟ್ಟೆಯ ಗೆರೆ ಎಳೆದೆ. ತೋಳಿನ ಬಟ್ಟೆ ಯಾವಾಗಲೂ ರಟ್ಟೆಗಿಂತ ಅಗಲ. ಬಿಗಿಯಾದ ಕುಪ್ಪಸದಲ್ಲೂ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ಬಟ್ಟೆಯ ಹೊರಗೆರೆಯನ್ನೇ ರಟ್ಟೆಯ ಗೆರೆ ಮಾಡಿದರೆ ಕೈ ದಪ್ಪ ಕಾಣುತ್ತದೆ, ಮೊಣಕೈ ಹತ್ತಿರ ಒಂದು ಮೆಟ್ಟಿಲೂ ಬೀಳುತ್ತದೆ. ಹಾಗಾಗಿ ಗೆರೆಯನ್ನು ಎರಡೂ ಕಡೆ ಒಳಗೆ ತಂದೆ. ಬಟ್ಟೆ ಹೋದ ಹೊರಗಿನ ಪಟ್ಟಿಯಲ್ಲಿ ಹಿಂದಿನ ಗೋಡೆ ಕಾಣಬೇಕು. ಸುಣ್ಣದ ಗೋಡೆ ಆಗಿದ್ದರಿಂದ ಪಕ್ಕದಿಂದ ತಂದು ತುಂಬಿದೆ. ಮೈ ಕಡೆ ಮಾತ್ರ ಸೆರಗಿನ ಮಡಿಕೆ ಇತ್ತು. ಅದನ್ನು ನಿಧಾನವಾಗಿ ಮುಂದುವರಿಸಬೇಕಾಯಿತು.

ಇನ್ನು ಚರ್ಮ. ಎಲ್ಲರಿಗೂ ಮೊದಲು ಹೊಳೆಯುವುದು ಮುಂಗೈಯ ಚರ್ಮವನ್ನೇ ಮೇಲಕ್ಕೆ ಎಳೆದು ಹಚ್ಚುವುದು. ಅದು ಕೂಡುವುದಿಲ್ಲ. ಮುಂಗೈ ಬಿಸಿಲು ಕಂಡಿರುತ್ತದೆ, ರಟ್ಟೆ ಕಂಡಿರುವುದಿಲ್ಲ. ನಮ್ಮ ಕಡೆ ಗಾಡಿ ಓಡಿಸುವ ಹೆಣ್ಣುಮಕ್ಕಳ ಕೈ ನೋಡಿ, ತೋಳು ಮುಗಿದಲ್ಲಿ ಬಣ್ಣ ಬದಲಾಗುವುದು ಕಣ್ಣಿಗೇ ಕಾಣುತ್ತದೆ. ಮುಖ ಮತ್ತು ಕತ್ತಿನಿಂದಲೂ ಬಣ್ಣ ತೆಗೆಯುವಂತಿಲ್ಲ, ಅಲ್ಲಿ ಮೇಕಪ್ ಇರುತ್ತದೆ. ನಾನು ಬಣ್ಣ ತೆಗೆದದ್ದು ಮೊಣಕೈಯ ಒಳಮಗ್ಗುಲಿಂದ. ಅಲ್ಲಿಗೆ ಬಿಸಿಲು ಕಡಿಮೆ, ಮೇಕಪ್ ಇಲ್ಲ. ಮುಂಗೈಯ ಬಣ್ಣದಿಂದ ಈ ಬಣ್ಣಕ್ಕೆ ಒಮ್ಮೆಲೇ ಹಾರಲಿಲ್ಲ. ಮೊಣಕೈಯಿಂದ ಮೇಲೆ ಎರಡು ಇಂಚಿನಷ್ಟು ಜಾಗದಲ್ಲಿ ನಿಧಾನವಾಗಿ ಬದಲಾಗುವಂತೆ ಮಾಡಿದೆ.

ಮೊದಲು ಬರೀ ಬಣ್ಣ ತುಂಬಿದೆ. ಅದರ ಮೇಲೆ ಬೇರೆ ಲೇಯರ್‌ನಲ್ಲಿ ಬೆಳಕು, ನೆರಳು. ಕಿಟಕಿ ಅವರ ಎಡಗೈ ಕಡೆಗಿತ್ತು. ಹಾಗಾಗಿ ರಟ್ಟೆಯ ಹೊರಮಗ್ಗುಲು ಬೆಳಗಿರಬೇಕು. ಆದರೆ ಅತಿ ಹೆಚ್ಚು ಬೆಳಕು ಅಂಚಿನ ಮೇಲೆಯೇ ಬೀಳುವುದಿಲ್ಲ. ಅಂಚಿನಿಂದ ಸ್ವಲ್ಪ ಒಳಗೆ ಬೀಳುತ್ತದೆ. ಅಂಚಿಗೇ ಬಿಳುಪು ಹಚ್ಚಿದರೆ ರಟ್ಟೆ ಚಪ್ಪಟೆ ರಟ್ಟಿನಂತೆ ಕಾಣುತ್ತದೆ. ಅಲ್ಲಿಂದ ಮೈ ಕಡೆ ಹೋದಂತೆ ನೆರಳು ಗಟ್ಟಿಯಾಗಬೇಕು. ಮೈಗೆ ತೀರ ಹತ್ತಿರದ ಅಂಚಿನಲ್ಲಿ ಮತ್ತೆ ಸಣ್ಣಗೆ ಕೆಂಪು ಏರಬೇಕು. ಕೆಂಪು ಖಣದ ಮೇಲೆ ಬಿದ್ದ ಬೆಳಕು ಚರ್ಮಕ್ಕೆ ತಿರುಗಿ ಬೀಳುತ್ತದಲ್ಲ, ಅದಕ್ಕೆ. ಈ ಕೆಂಪು ಸ್ವಲ್ಪವೇ ಇದ್ದರೂ, ರಟ್ಟೆ ಆ ಕುಪ್ಪಸದೊಳಗಿಂದ ಬಂದದ್ದು ಅಂತ ನಂಬಿಸುವುದು ಇದೇ.

ಇಷ್ಟಾದಾಗ ರಟ್ಟೆ ಪ್ಲಾಸ್ಟಿಕ್‌ನಂತೆ ಇರುತ್ತದೆ. ಹೆದರಬೇಕಾಗಿಲ್ಲ, ಚರ್ಮದ ಕಣ ಇನ್ನೂ ಹಾಕಿಲ್ಲ ಅಷ್ಟೇ. ಬಣ್ಣಕ್ಕೆ ಬೇಡವಾದ ಮುಂಗೈ ಕಣಕ್ಕೆ ಬೇಕಾಗುತ್ತದೆ. ಅಲ್ಲಿನ ಒಂದು ತುಂಡು ನಕಲು ಮಾಡಿದೆ. ಅದರಲ್ಲಿದ್ದ ಮಚ್ಚೆಯನ್ನು, ದಪ್ಪ ಕೂದಲನ್ನು ಮೊದಲೇ ತೆಗೆದೆ. ಮಚ್ಚೆ ಬಿಟ್ಟರೆ ಕೈಯಲ್ಲಿ ಅದೇ ಮಚ್ಚೆ ಎರಡು ಕಡೆ ಕಾಣುತ್ತದೆ. ರಟ್ಟೆಯ ಕೂದಲು ಮುಂಗೈಯದಕ್ಕಿಂತ ಬಹಳ ಸಣ್ಣ. ಆ ತುಂಡಿನ ಬಣ್ಣ ತೆಗೆದು, `Filter > Other > High Pass` ನಲ್ಲಿ 5 ಪಿಕ್ಸೆಲ್ ಕೊಟ್ಟೆ. ಬೆಳಕು ನೆರಳೆಲ್ಲ ಹೋಗಿ, ಬೂದು ಹಿನ್ನೆಲೆಯ ಮೇಲೆ ಚರ್ಮದ ಕಣ ಮಾತ್ರ ಉಳಿಯಿತು. ಲೇಯರನ್ನು `Overlay` ಮಾಡಿ, ಮುಂಗೈಯ ಕಣಕ್ಕಿಂತ ಸ್ವಲ್ಪ ಮೆತ್ತಗೆ ಕಾಣುವವರೆಗೆ ಅದರ `Opacity` ಇಳಿಸಿದೆ. ಕೊನೆಗೆ `Add Noise` ನಲ್ಲಿ ಶೇ. 1ರಷ್ಟು, ಕ್ಯಾಮೆರಾದ ಕಣ ಹೊಂದಲಿ ಅಂತ. ಚುಚ್ಚುಮದ್ದಿನ ಕಲೆಯನ್ನು ಇದಾದ ಮೇಲೆ ಬರೆದೆ. ಒಂದು ಕಡೆ ಸಣ್ಣ ನೆರಳು, ಎದುರು ಕಡೆ ಸಣ್ಣ ಬೆಳಕು, ನಡುವೆ ಸ್ವಲ್ಪ ತಿಳಿ ಬಣ್ಣ. ಅಷ್ಟೇ ಸಾಕು.

ಖಣದ ಕುಪ್ಪಸದಲ್ಲಿ ನಿಜವಾದ ಪರೀಕ್ಷೆ ದಡಿ. ತೋಳಿನ ಕೆಳಭಾಗ ಅಳಿಸಿದರೆ ದಡಿಯೂ ಹೋಗುತ್ತದೆ. ಮೇಲೆ ಬರೀ ಬುಟ್ಟಾ ಇರುವ ಬಟ್ಟೆ ಕತ್ತರಿಸಿದಂತೆ ನಿಲ್ಲುತ್ತದೆ. ಯಾವ ಹೊಲಿಗೆಯವರೂ ಹಾಗೆ ಹೊಲಿಯುವುದಿಲ್ಲ. ಗಿಡ್ಡ ತೋಳಾದರೂ ದಡಿ ಅಂಚಿಗೇ ಬರುತ್ತದೆ. ಹಾಗಾಗಿ ಹಳೆ ದಡಿಯನ್ನು ಕತ್ತರಿಸಿ ಮೇಲಕ್ಕೆ ತಂದೆ. ಇಲ್ಲಿ ಎರಡು ತೊಡಕು. ಮೊಣಕೈ ಹತ್ತಿರ ತೋಳಿನ ಸುತ್ತಳತೆ ಹತ್ತು ಇಂಚಿದ್ದರೆ ಮೇಲೆ ಹನ್ನೆರಡು. ದಡಿಯನ್ನು ಅಗಲಕ್ಕೆ ಎಳೆದರೆ ಅದರ ವಿನ್ಯಾಸ ಉಬ್ಬುತ್ತದೆ, ಖಣ ಉಟ್ಟವರ ಕಣ್ಣಿಗೆ ತಕ್ಷಣ ಬೀಳುತ್ತದೆ. ಎಳೆಯದೆ, ಕಡಿಮೆ ಬಿದ್ದ ಕಡೆ ಅದೇ ದಡಿಯ ಇನ್ನೊಂದು ತುಂಡು ಜೋಡಿಸಿದೆ.

ಎರಡನೆಯದು ಬಾಗು. ಕ್ಯಾಮೆರಾ ಎದೆಮಟ್ಟದಲ್ಲಿತ್ತು. ಮೊಣಕೈಯ ಅಂಚು ಅದಕ್ಕಿಂತ ಕೆಳಗಿದ್ದದ್ದರಿಂದ ಕೆಳಕ್ಕೆ ಬಾಗಿ ಕಾಣುತ್ತಿತ್ತು. ಹೊಸ ಅಂಚು ಹೆಚ್ಚುಕಡಿಮೆ ಕ್ಯಾಮೆರಾದ ಮಟ್ಟಕ್ಕೇ ಬಂದಿದೆ, ಅದು ನೇರವಾಗಿಯೇ ಕಾಣಬೇಕು. ಹಳೆ ಬಾಗನ್ನು ಹಾಗೇ ತಂದಿಟ್ಟರೆ ಏನೋ ತಪ್ಪಿದೆ ಅನಿಸುತ್ತದೆ, ಏನು ಅಂತ ಹೇಳಲು ಬರುವುದಿಲ್ಲ. `Edit > Transform > Warp` ನಲ್ಲಿ ಬಾಗನ್ನು ತೆಗೆದು ನೇರ ಮಾಡಿದೆ. ಮೊಣಕೈ ಮಡಿಕೆಯಿಂದ ಎದ್ದಿದ್ದ ಸುಕ್ಕುಗಳು ಮೇಲಿನ ಬಟ್ಟೆಯಲ್ಲೂ ಸ್ವಲ್ಪ ಉಳಿದಿದ್ದವು. ಗಿಡ್ಡ ತೋಳಿನಲ್ಲಿ ಅವು ಬರುವುದಿಲ್ಲ, ಅವನ್ನೂ ತೆಗೆದೆ. ಕಂಕುಳಿನ ಕಡೆಯ ಸುಕ್ಕು ಮಾತ್ರ ಹಾಗೇ ಬಿಟ್ಟೆ.

ದಡಿಯ ಕೆಳಗೆ ನೆರಳು ಬೇಕು. `Multiply` ಲೇಯರ್‌ನಲ್ಲಿ ಅಂಚಿಗೆ ಅಂಟಿದಂತೆ ಏಳೆಂಟು ಪಿಕ್ಸೆಲ್‌ನ ಗಟ್ಟಿ ಗೆರೆ, ಅದರ ಕೆಳಗೆ ಮಸುಕಾದ ಅಗಲ ನೆರಳು. ಬಣ್ಣ ಕಪ್ಪಲ್ಲ, ಕೆಂಪು ಬೆರೆತ ಕಂದು. ಬಟ್ಟೆ ಸಡಿಲ ಇದ್ದ ಕಡೆ ನೆರಳು ಅಗಲ, ಚರ್ಮಕ್ಕೆ ತಾಗಿದ ಕಡೆ ಸಣ್ಣ. ಎಲ್ಲ ಕಡೆ ಒಂದೇ ಅಗಲ ಎಳೆದರೆ ತೋಳು ಸ್ಟಿಕರ್ ಅಂಟಿಸಿದಂತೆ ಆಗುತ್ತದೆ.

ಕೆಲಸ ಕೂಡಿತೋ ಇಲ್ಲವೋ ನೋಡಲು ನಾನು ಫೋಟೋವನ್ನು ಎಡಬಲ ತಿರುಗಿಸುತ್ತೇನೆ. ಕಣ್ಣಿಗೆ ರೂಢಿ ತಪ್ಪಿ, ಆಕಾರದ ತಪ್ಪು ಎದ್ದು ಕಾಣುತ್ತದೆ. ನೋಡಿದ ಮೇಲೆ ಮರೆಯದೆ ವಾಪಸ್ ತಿರುಗಿಸಬೇಕು. ಇಲ್ಲದಿದ್ದರೆ ಸೆರಗು ಬಲಭುಜಕ್ಕೆ ಹೋಗುತ್ತದೆ, ಚುಚ್ಚುಮದ್ದಿನ ಕಲೆಯೂ ಬಲರಟ್ಟೆಗೆ ಹೋಗುತ್ತದೆ. ಆಮೇಲೆ ಮೇಲೊಂದು `Curves` ಲೇಯರ್ ಇಟ್ಟು, ಗೆರೆಯನ್ನು ಅಲೆಯಂತೆ ಮೇಲೆ ಕೆಳಗೆ ಎಳೆಯುತ್ತೇನೆ. ಬಣ್ಣ ವಿಚಿತ್ರವಾಗಿ ಒಡೆದು, ಸಾಮಾನ್ಯವಾಗಿ ಕಾಣದ ತೇಪೆಗಳೆಲ್ಲ ಹೊರಗೆ ಬೀಳುತ್ತವೆ. ಈ ಫೋಟೋದಲ್ಲಿ ಮೊಣಕೈಯ ಮೇಲೆ ಒಂದು ಪಟ್ಟಿ ಕಂಡಿತು. ಹಳೆ ದಡಿ ಚರ್ಮದ ಮೇಲೆ ಬೀಳಿಸಿದ್ದ ನೆರಳು ಅಲ್ಲೇ ಉಳಿದಿತ್ತು. ಬಟ್ಟೆ ಹೋದರೂ ಅದರ ನೆರಳು ಚರ್ಮದಲ್ಲಿ ಇರುತ್ತದೆ, ಅದನ್ನೂ ಹುಡುಕಿ ತೆಗೆಯಬೇಕು.

ಇದೇ ಕುಪ್ಪಸದ ಕೊರಳನ್ನೂ ಸ್ವಲ್ಪ ಅಗಲ ಮಾಡಬಹುದೇ ಅಂತ ಅಂಗಡಿಯವರು ಕೇಳಿದರು. ಸೊಸೆಯನ್ನು ಕೇಳಿದೆವು, ಅವರು ಬೇಡ ಅಂದರು, ಅಲ್ಲಿಗೆ ಮುಗಿಯಿತು. ಒಪ್ಪಿದ್ದರೂ ನಾನು ಹೊಸ ಫೋಟೋ ತೆಗೆಯಲು ಹೇಳುತ್ತಿದ್ದೆ. ರಟ್ಟೆ ಸರಳ ಆಕಾರ. ಕೊರಳೆಲುಬು ಹಾಗಲ್ಲ. ಎಲುಬಿನ ಮೇಲಂಚಿಗೆ ಬೆಳಕು, ಅದರ ಮೇಲಿನ ಗುಳಿಯಲ್ಲಿ ನೆರಳು, ಎರಡು ಎಲುಬು ಕೂಡುವಲ್ಲಿ ಇನ್ನೊಂದು ಗುಳಿ. ಭುಜ ಸ್ವಲ್ಪ ಎತ್ತಿದರೂ ಇದೆಲ್ಲ ಬದಲಾಗುತ್ತದೆ, ಒಬ್ಬೊಬ್ಬರಲ್ಲೂ ಬೇರೆ. ಅರ್ಧ ಎಲುಬು ಕಾಣುತ್ತಿದ್ದರೆ ಅದನ್ನು ಮುಂದುವರಿಸಬಹುದು. ಏನೂ ಕಾಣದಿದ್ದಾಗ ಬರೆಯುವುದು ಬರೀ ಊಹೆ.

ಪುಟವನ್ನು ಒಮ್ಮೆ ಕಾಗದದ ಮೇಲೆ ತೆಗೆದು ನೋಡಿದೆವು. ಪರದೆಯ ಮೇಲೆ ಸರಿ ಇದ್ದ ದಡಿಯ ನೆರಳು ಕಾಗದದಲ್ಲಿ ಕಪ್ಪಗಾಗಿ, ಕೆಂಪು ಕಾಣೆಯಾಗಿತ್ತು. ಆ ಒಂದು ಲೇಯರನ್ನು ತಿಳಿ ಮಾಡಿ ಕಳಿಸಿದೆ. ಹಾವೇರಿಗೂ ಒಂದು ಪ್ರತಿ ಕಳಿಸಿದೆ, ಅವರು ನೋಡಿ ಸರಿ ಅಂದ ಮೇಲೆ ಅಚ್ಚಿಗೆ ಹೋಯಿತು.