ಗಿಡದ ಹುಚ್ಚಿನ ಸರ್‌ಗೆ ಪುಸ್ತಕ ಆರಿಸಿದ್ದು

"ರಿಟೈರ್‌ಮೆಂಟಿಗೆ ಪುಸ್ತಕಾನಾ? ಸುಮ್ನೆ ಒಂದು ಬೆಳ್ಳಿ ದೀಪ ಕೊಡೋಣ ಬಿಡಿ" ಅಂತ ನಮ್ಮ ಸೆಕ್ಷನ್‌ನಲ್ಲಿ ಮುಕ್ಕಾಲು ಜನ ಹೇಳಿದರು. ಅವರ ಅನುಮಾನಕ್ಕೂ ಕಾರಣವಿತ್ತು. ಹಿಂದೆ ಒಬ್ಬ ಮೇಡಂಗೆ ದಪ್ಪನೆಯ, ಬಣ್ಣಬಣ್ಣದ ಇಂಗ್ಲಿಷ್ ತೋಟಗಾರಿಕೆ ಪುಸ್ತಕ ಕೊಟ್ಟಿದ್ದರು. ಬೆಲೆ ಎರಡು ಸಾವಿರದ ಹತ್ತಿರ. ವರ್ಷ ಕಳೆದ ಮೇಲೆ ಅವರ ಮನೆಗೆ ಹೋದವರು ನೋಡಿದರೆ, ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದೆ ಶೋಕೇಸಿನಲ್ಲಿತ್ತಂತೆ.

ಈ ಸಲ ರಿಟೈರ್ ಆದವರು ನಮ್ಮ ಸೂಪರಿಂಟೆಂಡೆಂಟ್ ಸರ್. ಬೆಂಗಳೂರಿನ ಮನೆ ತಾರಸಿ ಮೇಲೆ ಇಪ್ಪತ್ತು ವರ್ಷದಿಂದ ಗಿಡ ಬೆಳೆಸುತ್ತಿದ್ದಾರೆ. ದಾಸವಾಳ, ಮಲ್ಲಿಗೆ, ಟೊಮ್ಯಾಟೊ, ಮೆಣಸಿನಕಾಯಿ, ಹಳೇ ಡ್ರಮ್ಮಿನಲ್ಲಿ ಸೀಬೆ. ತಲೆಗೆ ಮುನ್ನೂರರಂತೆ ಸೇರಿಸಿದ ದುಡ್ಡು ಸುಮಾರು ನಾಲ್ಕು ಸಾವಿರ. ಶಾಲು, ಹಾರ, ಹಣ್ಣಿನ ಬುಟ್ಟಿಗೆ ಅರ್ಧ ಹೋಯಿತು. ಉಳಿದದ್ದು ನನ್ನ ಕೈಗೆ ಬಂತು.

ಅಂಗಡಿಯಲ್ಲಿ ನಾನು ಮುಖಪುಟ ನೋಡುವುದಿಲ್ಲ. ಸರ್‌ಗೆ ಚೆನ್ನಾಗಿ ಗೊತ್ತಿರುವ ಒಂದು ಗಿಡದ ಪುಟ ತೆಗೆದು ಓದುತ್ತೇನೆ. ಈ ಸಲ ದಾಸವಾಳ ಹಿಡಿದೆ. ಅದಕ್ಕೆ ಹಿಟ್ಟು ತಿಗಣೆ ಬರುವುದು ಯಾರಿಗೆ ಗೊತ್ತಿಲ್ಲ? ಮೊದಲು ಕೈಗೆ ಸಿಕ್ಕಿದ ಪುಸ್ತಕ "ಕೀಟನಾಶಕ ಸಿಂಪಡಿಸಿ" ಅಂತ ಒಂದೇ ಸಾಲಿನಲ್ಲಿ ಮುಗಿಸಿತ್ತು. ನಮ್ಮ ಸರ್ ಮೊದಲು ಇರುವೆ ಓಡಿಸುತ್ತಾರೆ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ಗಿಡದಿಂದ ಗಿಡಕ್ಕೆ ಹೊತ್ತೂ ಒಯ್ಯುತ್ತವೆ. ಆಮೇಲೆ ಹಳೇ ಹಲ್ಲುಜ್ಜುವ ಬ್ರಷ್ಷು, ಸೋಪಿನ ನೀರು. ಇಷ್ಟು ಮಾಡುವವರಿಗೆ ಆ ಪುಸ್ತಕ ಏನು ಹೇಳಿಕೊಟ್ಟೀತು?

ಇನ್ನೊಂದು ವಿಲಾಯಿತಿ ಪುಸ್ತಕ. ಫೋಟೋ ಅದ್ಭುತ. ಆದರೆ ಹಿಮ ಬೀಳುವುದು ನಿಂತ ಮೇಲೆ ಬೀಜ ಹಾಕಿ, ದಕ್ಷಿಣಕ್ಕೆ ಮುಖ ಮಾಡಿದ ಗೋಡೆ ಪಕ್ಕ ಗಿಡ ಇಡಿ ಅಂತ ಉಪದೇಶ. ಅಲ್ಲಿ ಬಿಸಿಲಿಗೆ ಬರ, ಅದಕ್ಕೇ ಆ ಗೋಡೆ ಬೇಕು. ನಮ್ಮಲ್ಲಿ ಮಾರ್ಚ್ ಬಂದರೆ ಪಡುವಣ ಗೋಡೆ ಪಕ್ಕದ ಕುಂಡಕ್ಕೆ ನೆರಳು ಕಟ್ಟಬೇಕು, ಅಲ್ವಾ? ಅದನ್ನೂ ವಾಪಸ್ ಇಟ್ಟೆ.

ಅಷ್ಟರಲ್ಲಿ ಒಂದು ವಿಷಯ ಖಚಿತವಾಯಿತು. ಹೀಗೆ ಮಾಡಿ, ಹಾಗೆ ಮಾಡಿ ಅನ್ನುವ ಪುಸ್ತಕ ಪಳಗಿದ ಕೈಗೆ ಬೇಡ. ಗಿಡದ ಕಥೆ ಹೇಳುವ ಪುಸ್ತಕ ಬೇಕು. ಆಗ ನೆನಪಾದವರು ಸಸ್ಯಶಾಸ್ತ್ರದ ಮೇಷ್ಟ್ರು ಬಿ.ಜಿ.ಎಲ್. ಸ್ವಾಮಿ. 'ಹಸುರು ಹೊನ್ನು' ತೆಗೆದೆ. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋಗಿ ಗಿಡ ಹುಡುಕಿದ ಕಥೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಸಸ್ಯಶಾಸ್ತ್ರ ಇದೆ, ನಗುವೂ ಇದೆ. ಜೊತೆಗೆ ಅವರದೇ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ'. ಸರ್ ತಾರಸಿಯ ಟೊಮ್ಯಾಟೊ, ಮೆಣಸಿನಕಾಯಿ, ಸೀಬೆ ಮೂರೂ ಆ ಕಡೆಯಿಂದಲೇ ಬಂದವು. ಎರಡೂ ಸೇರಿ ಸಾವಿರದೊಳಗೇ ಮುಗಿಯಿತು. ಬೆಳ್ಳಿ ದೀಪದವರಿಗೆ ಈ ಲೆಕ್ಕ ಆಮೇಲೆ ಹಿಡಿಸಿತು ಅನ್ನಿ.

ಕೊಳ್ಳುವ ಮುಂಚೆ ಇನ್ನೆರಡು ಪರೀಕ್ಷೆ. ಅರವತ್ತರ ಕಣ್ಣಿಗೆ ಅಕ್ಷರ ಸಾಕಾ ಅಂತ ಕೈಚಾಚಿ ದೂರ ಹಿಡಿದು ಓದುತ್ತೇನೆ. ಆಮೇಲೆ ಪುಸ್ತಕವನ್ನು ನಡುವೆ ಬಿಡಿಸಿ ಬೆನ್ನಿನ ಒಳಗೆ ದಾರ ಕಾಣುತ್ತದಾ ನೋಡುತ್ತೇನೆ. ಬರೀ ಗೋಂದಿನದಾದರೆ ಮಗುಚಿ ಮಗುಚಿ ಓದುವಾಗ ಹಾಳೆ ಕಿತ್ತು ಬರುವ ಭಯ ಜಾಸ್ತಿ.

ಕಾಗದದ ಬಗ್ಗೆ ಮನೆಯಲ್ಲಿ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದ್ದೆ. ಹಳೇ ಮ್ಯಾಗಜಿನ್ನಿನ ನುಣುಪು ಹಾಳೆಗಳನ್ನೂ ಸಾಮಾನ್ಯ ಪುಸ್ತಕದ ಹಾಳೆಗಳನ್ನೂ ಒದ್ದೆ ಮಾಡಿ ಒತ್ತಿಟ್ಟೆ. ಒಣಗಿದ ಮೇಲೆ ನುಣುಪು ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಬಿಡಿಸಿದರೆ ಹರಿದವು. ಸಾದಾ ಹಾಳೆ ಸುಕ್ಕಾಯಿತು ಅಷ್ಟೆ. ನೀರು ಹಾಕುವ ಕೈಯಲ್ಲೇ ಪುಟ ತಿರುಗಿಸುವವರಿಗೆ ಸಾದಾ ಕಾಗದವೇ ಸರಿ. ಹೆಂಡತಿ ಬೈದಳು ಅಂತ ಬರೆಯಬೇಕಿಲ್ಲ, ಊಹಿಸಿಕೊಳ್ಳಿ.

ಸರ್ ಹತ್ತಿರ ಈ ಪುಸ್ತಕಗಳು ಮೊದಲೇ ಇಲ್ಲ ಅಂತ ಹೇಗೆ ಪತ್ತೆ ಮಾಡಿದೆ? ಅದನ್ನು ಮಾತ್ರ ಹೇಳುವುದಿಲ್ಲ, ಮುಂದಿನ ರಿಟೈರ್‌ಮೆಂಟಿಗೂ ಬೇಕಲ್ಲ. ಆದರೂ ಸಹಿಗಳನ್ನು ಪುಸ್ತಕದ ಮೇಲೆ ಹಾಕಿಸಲಿಲ್ಲ. ಬೇರೆ ಕಾರ್ಡಿನಲ್ಲಿ ಹಾಕಿಸಿ ಒಳಗಿಟ್ಟೆ, ಬಿಲ್ಲನ್ನೂ ಇಟ್ಟುಕೊಂಡೆ. ಬದಲಾಯಿಸಬೇಕಾಗಿ ಬಂದರೆ ಸಹಿ ಹಾಕಿದ ಪುಸ್ತಕವನ್ನು ಅಂಗಡಿಯವರು ತೆಗೆದುಕೊಳ್ಳುವುದಿಲ್ಲ.

ಹದಿನೈದು ದಿನದಲ್ಲೇ ಸರ್ ಫೋನ್ ಮಾಡಿದರು. ದಕ್ಷಿಣ ಅಮೆರಿಕ ಮುಗಿದಿತ್ತು, 'ಹಸುರು ಹೊನ್ನು' ಅರ್ಧಕ್ಕೆ ಬಂದಿತ್ತು. ಬೆಳ್ಳಿ ದೀಪ ಅಂದವರೇ ಈಗ ನನ್ನನ್ನು ಕೇಳುತ್ತಿದ್ದಾರೆ. ಮುಂದೆ ರಿಟೈರ್ ಆಗುವ ಮೇಡಂ ಈಗಷ್ಟೇ ನಾಲ್ಕು ಕುಂಡ ಇಟ್ಟಿದ್ದಾರೆ. ಅವರಿಗೆ ಸ್ವಾಮಿ ಅಲ್ಲ, ಮಣ್ಣು-ಗೊಬ್ಬರದ ಅಳತೆ ಹೇಳುವ ಕನ್ನಡ ಕೈಪಿಡಿಯೇ ಬೇಕು. ನವೆಂಬರಿನಲ್ಲಿ ಜಿಕೆವಿಕೆ ಕೃಷಿ ಮೇಳಕ್ಕೆ ಹೋದಾಗ ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಮಳಿಗೆಯಲ್ಲಿ ನೋಡಬೇಕು.